ಬೆದರಿಕೆಯೊಳಗಿನ ಬಾಕಿ

ಹೆದರಿಸಿ ಕೇಳಿದ ಮಾತ್ರಕ್ಕೆ ಸಾಲ ಸುಳ್ಳಾಗುತ್ತದೆಯೇ? ಸಾಲ ನಿಜವೆಂಬ ಕಾರಣಕ್ಕೆ ಹೆದರಿಸುವುದು ಸರಿಯಾಗುತ್ತದೆಯೇ? ಎರಡಕ್ಕೂ 'ಇಲ್ಲ' ಎಂದು ಯಾರಾದರೂ ಹೇಳಿಯಾರು. ಆದರೆ ಕಾನೂನಿನ ಭಾಷೆಯಲ್ಲಿ ಬರೆದ ಒಂದು ಇಮೇಲ್ ಬಂದು ಕೂತಾಗ ಇವೆರಡನ್ನೂ ಒಟ್ಟಿಗೆ ನೆನಪಿನಲ್ಲಿ ಇಟ್ಟುಕೊಳ್ಳುವುದು ಕಷ್ಟ. ಮೊದಲು ಹೆದರಿ ಎಲ್ಲವನ್ನೂ ನಂಬುತ್ತೇವೆ. ಆಮೇಲೆ ಯಾರೋ ಧೈರ್ಯ ಹೇಳಿದರೆ ಯಾವುದನ್ನೂ ನಂಬುವುದಿಲ್ಲ.

ನಾನು ಇರುವುದು ಹೈದರಾಬಾದಿನ ನಾಚಾರಂನಲ್ಲಿ. ಇಲ್ಲಿನ ಕೈಗಾರಿಕಾ ಪ್ರದೇಶದ ಔಷಧ, ಪ್ಲಾಸ್ಟಿಕ್ ಘಟಕಗಳ ನಡುವೆ ಐವತ್ತು ಅರವತ್ತು ಜನರ ಸಣ್ಣ ಸಾಫ್ಟ್‌ವೇರ್ ಕಂಪನಿಗಳೂ ಇವೆ. ಅಂಥ ಒಂದು ಕಂಪನಿಯನ್ನು ಬಿಟ್ಟಿದ್ದ ಸೇಡಂ ಕಡೆಯ ಹುಡುಗನೊಬ್ಬ ತನಗೆ ಬಂದ ಇಮೇಲನ್ನು ನನಗೆ ತೋರಿಸಿದ. 2024ರ ಆಗಸ್ಟಿನಲ್ಲಿ ಸೇರಿದ್ದ, ಎರಡು ವರ್ಷ ಇರುತ್ತೇನೆಂದು ಬಾಂಡ್ ಬರೆದುಕೊಟ್ಟಿದ್ದ, ಹದಿನಾಲ್ಕು ತಿಂಗಳಿಗೆ ಬಿಟ್ಟಿದ್ದ. "ಪೊಲೀಸರು ಮನಿಗೆ ಬಂದ್ರ ಅಪ್ಪಗ ಏನ್ ಹೇಳ್ಲಿ ಸರ್?" ಎಂಬುದು ಅವನ ಪ್ರಶ್ನೆ. ಮೂರು ಲಕ್ಷ ಎಲ್ಲಿಂದ ತರುವುದು ಎಂಬುದು ಅದರ ನಂತರದ್ದು.

ಇಮೇಲಿನ ತಲೆಬರಹ 'ಅಂತಿಮ ಕಾನೂನು ನೋಟಿಸ್'. ಬಾಂಡಿನ 3 ಲಕ್ಷ, ನೋಟಿಸ್ ಅವಧಿ ಪೂರೈಸದ್ದಕ್ಕೆ 48 ಸಾವಿರ, ಎರಡರ ಮೇಲೂ ಶೇಕಡಾ 18 ಬಡ್ಡಿ. ಎಲ್ಲವನ್ನೂ 48 ಗಂಟೆಯೊಳಗೆ ಕಟ್ಟಬೇಕು. ತಪ್ಪಿದರೆ ಸೆಕ್ಷನ್ 420ರಡಿ ಎಫ್‌ಐಆರ್, ಬಂಧನ. ಎರಡು ವರ್ಷ ಪ್ರತಿಸ್ಪರ್ಧಿ ಕಂಪನಿಗೆ ಸೇರುವಂತಿಲ್ಲ. ಕೊನೆಯಲ್ಲಿ, ದಪ್ಪಕ್ಷರವಿಲ್ಲದೆ, ಒಂದು ಸಾಲು: ಲ್ಯಾಪ್‌ಟಾಪ್ ಹಿಂದಿರುಗಿಸಿ.

ನಾವು ಮಾಡಿದ್ದು ಇಷ್ಟು. ಇಮೇಲನ್ನು ಪಕ್ಕಕ್ಕಿಟ್ಟು ಮೊದಲು ಅವನು ಸಹಿ ಮಾಡಿದ್ದ ಒಪ್ಪಂದವನ್ನು ಓದಿದೆವು. ಇಮೇಲು ಅವರ ಬೇಡಿಕೆ, ಒಪ್ಪಂದ ಇವನ ಮಾತು. ಬಾಧ್ಯತೆ ಹುಟ್ಟುವುದು ಒಪ್ಪಂದದಿಂದ ಅಥವಾ ಕಾನೂನಿನಿಂದ, ಇಮೇಲಿನಿಂದಲ್ಲ. ಆಮೇಲೆ ಇಮೇಲಿನ ಒಂದೊಂದು ವಾಕ್ಯವನ್ನೂ ಎತ್ತಿಕೊಂಡು 'ಇದಕ್ಕೆ ಒಪ್ಪಂದದಲ್ಲಿ ಅಥವಾ ಕಾನೂನಿನಲ್ಲಿ ಆಧಾರವೆಲ್ಲಿ' ಎಂದು ಹುಡುಕಿದೆವು.

ಬಂಧನದ ಮಾತು ಮೊದಲು ಬಿತ್ತು. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಇದೆ, ವಂಚನೆ ಈಗ 318ನೇ ಸೆಕ್ಷನ್. ಅದಕ್ಕೂ ನಂತರ ಕೆಲಸಕ್ಕೆ ಸೇರಿದವನ ಮೇಲೆ 420 ಹಾಕುತ್ತೇವೆ ಎಂದರೆ, ಹಳೆಯ ಮಾದರಿ ಪತ್ರದಲ್ಲಿ ಹೆಸರು ಬದಲಿಸಿ ಕಳಿಸಿದ್ದಾರೆ ಎಂದರ್ಥ. ಸಂಖ್ಯೆ ಸರಿಯಿದ್ದಿದ್ದರೂ ಕಥೆ ಬೇರೆಯಾಗುತ್ತಿರಲಿಲ್ಲ. ಮಾತು ಮುರಿಯುವುದು ಬೇರೆ, ಮೋಸ ಬೇರೆ. ಮಾತು ಕೊಡುವ ಹೊತ್ತಿಗೇ ವಂಚಿಸುವ ಉದ್ದೇಶ ಇದ್ದರೆ ಮಾತ್ರ ಅದು ವಂಚನೆ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಹೃದಯ ರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಹದಿನಾಲ್ಕು ತಿಂಗಳು ನಿಯತ್ತಾಗಿ ದುಡಿದವನ ಮೇಲೆ ಅದನ್ನು ಸಾಧಿಸುವುದು ಸುಲಭವಲ್ಲ.

ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದೆಂಬ ಷರತ್ತು ಒಪ್ಪಂದದಲ್ಲಿ ಇತ್ತು, ಸಹಿಯೂ ಇತ್ತು. ಆದರೆ 1872ರ ಕರಾರು ಕಾಯಿದೆಯ 27ನೇ ಸೆಕ್ಷನ್ ಪ್ರಕಾರ ಒಬ್ಬನ ದುಡಿಮೆಯನ್ನು ತಡೆಯುವ ಕರಾರು ಅಷ್ಟರಮಟ್ಟಿಗೆ ಶೂನ್ಯ. ಕೆಲಸದಲ್ಲಿರುವಾಗ ಬೇರೆ ಕಡೆ ದುಡಿಯಬೇಡ ಎನ್ನಬಹುದು. ಬಿಟ್ಟ ಮೇಲೆ ಎಲ್ಲಿಗೂ ಹೋಗಬೇಡ ಎನ್ನುವಂತಿಲ್ಲ. ಹಳೆಯ ಕಂಪನಿಯ ಗುಟ್ಟುಗಳನ್ನು ಹೊಸ ಕಂಪನಿಗೆ ಒಯ್ಯದಿರುವ ಹೊಣೆ ಮಾತ್ರ ಉಳಿಯುತ್ತದೆ.

48 ಗಂಟೆಯ ಗಡುವಿಗೂ ಆಧಾರ ಸಿಗಲಿಲ್ಲ. ನೋಟಿಸ್ ಎಂದರೆ ಕೊನೆಗೂ ಒಂದು ಪತ್ರ, ಅದು ಸಮನ್ಸ್ ಅಲ್ಲ. ಸಮನ್ಸ್ ನ್ಯಾಯಾಲಯದಿಂದ ಬರುತ್ತದೆ, ಅದರಲ್ಲಿ ಮೊಕದ್ದಮೆಯ ಸಂಖ್ಯೆ, ಹಾಜರಾಗುವ ದಿನ, ಮೊಹರು ಇರುತ್ತವೆ, ಇ-ಕೋರ್ಟ್ಸ್ ಜಾಲತಾಣದಲ್ಲಿ ಹುಡುಕಿ ನೋಡಬಹುದು. ಬಡ್ಡಿಯ ಮಾತು ಒಪ್ಪಂದದಲ್ಲಿ ಎಲ್ಲೂ ಇರಲಿಲ್ಲ.

ಇಷ್ಟಾಗುವ ಹೊತ್ತಿಗೆ ಹುಡುಗನ ಮುಖ ಅರಳಿತ್ತು. "ಹಂಗಾದ್ರ ಎಲ್ಲಾ ಸುಳ್ಳು. ಏನೂ ಕೊಡೋದಿಲ್ಲ ಬಿಡ್ರಿ ಸರ್" ಎಂದ. ಗೆಳೆಯರೂ ಅವನಿಗೆ ಇದನ್ನೇ ಹೇಳಿದ್ದರಂತೆ: ನಮ್ಮ ದೇಶದಲ್ಲಿ ಬಾಂಡ್ ನಡೆಯುವುದಿಲ್ಲ. ಈ ಮಾತು ನಮ್ಮ ಕ್ಯಾಂಟೀನುಗಳಲ್ಲಿ ವೇದವಾಕ್ಯದಂತೆ ಓಡಾಡುತ್ತದೆ. ಅದು ನಿಜವಲ್ಲ ಎನ್ನುವುದಕ್ಕೆ ನಮ್ಮ ಕರ್ನಾಟಕದ್ದೇ ಒಂದು ಮೊಕದ್ದಮೆ ಇದೆ.

1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ತನ್ನ ಅಧಿಕಾರಿಗಳ ನೇಮಕಾತಿಯಲ್ಲಿ ಒಂದು ಷರತ್ತು ಹಾಕಿತ್ತು: ಮೂರು ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು. 2007ರಲ್ಲಿ ಸೀನಿಯರ್ ಮ್ಯಾನೇಜರ್ ಆಗಿ ಸೇರಿದ ಒಬ್ಬರು 2009ರಲ್ಲಿ ಇನ್ನೊಂದು ಬ್ಯಾಂಕಿಗೆ ಹೋಗಲು ರಾಜೀನಾಮೆ ಕೊಟ್ಟರು. 2 ಲಕ್ಷವನ್ನು ಆಕ್ಷೇಪಣೆ ದಾಖಲಿಸಿಯೇ ಕಟ್ಟಿ, ನಂತರ ಆ ಷರತ್ತೇ ತಪ್ಪೆಂದು ಕರ್ನಾಟಕ ಹೈಕೋರ್ಟಿಗೆ ಹೋದರು. ಹೈಕೋರ್ಟಿನಲ್ಲಿ ಏಕಸದಸ್ಯ ಪೀಠದಲ್ಲೂ ವಿಭಾಗೀಯ ಪೀಠದಲ್ಲೂ ಗೆದ್ದರು. ಆದರೆ 2025ರ ಮೇ 14ರಂದು ಸುಪ್ರೀಂ ಕೋರ್ಟ್ ಅದನ್ನು ಬದಿಗೆ ಸರಿಸಿ ಬ್ಯಾಂಕಿನ ಪರ ತೀರ್ಪು ಕೊಟ್ಟಿತು. ಆ ಷರತ್ತು ಮುಂದಿನ ಉದ್ಯೋಗವನ್ನು ತಡೆಯುವುದಿಲ್ಲ, ಈಗಿನ ಉದ್ಯೋಗವನ್ನು ಅವಧಿಗೆ ಮೊದಲು ಬಿಡುವುದಕ್ಕಷ್ಟೇ ಬೆಲೆ ಕಟ್ಟುತ್ತದೆ. ಸರ್ಕಾರಿ ಬ್ಯಾಂಕು ಒಬ್ಬರನ್ನು ತುಂಬಿಕೊಳ್ಳಬೇಕಾದರೆ ಮತ್ತೆ ಜಾಹೀರಾತು, ಬಹಿರಂಗ ಆಯ್ಕೆ ಎಲ್ಲ ನಡೆಸಬೇಕು, ಅದಕ್ಕೆ ಖರ್ಚಿದೆ. ಆ ಹುದ್ದೆಯ ಸಂಬಳಕ್ಕೆ ಹೋಲಿಸಿದರೆ 2 ಲಕ್ಷ ಅತಿಯಲ್ಲ ಎಂಬುದು ತೀರ್ಪಿನ ಸಾರ.

ಹಾಗೆಂದು ಈ ತೀರ್ಪು ಎಲ್ಲ ಬಾಂಡುಗಳಿಗೂ ಮುದ್ರೆ ಒತ್ತುವುದಿಲ್ಲ. ಕರಾರು ಕಾಯಿದೆಯ 74ನೇ ಸೆಕ್ಷನ್ ಪ್ರಕಾರ ಬಾಂಡಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ, ಕೈಗೆ ಸಿಗುವುದು ಅದರೊಳಗಿನ ನ್ಯಾಯವಾದ ಪರಿಹಾರ. ಹಾಗಾಗಿ 'ಬಾಂಡ್ ನಡೆಯುತ್ತದೆಯೇ' ಎಂದು ಕೇಳಿ ಪ್ರಯೋಜನವಿಲ್ಲ. 'ನಾನು ಬಿಟ್ಟಿದ್ದರಿಂದ ಇವರಿಗೆ ನಿಜಕ್ಕೂ ಏನು ನಷ್ಟವಾಯಿತು' ಎಂದು ಕೇಳಬೇಕು. ಕಾನೂನಿನ ಈ ಪ್ರಶ್ನೆ ನೀತಿಯ ಪ್ರಶ್ನೆಯೂ ಹೌದು.

ಆ ಪ್ರಶ್ನೆ ಹಿಡಿದು ಹುಡುಗನ ಜೊತೆ ಮತ್ತೆ ಲೆಕ್ಕಕ್ಕೆ ಕೂತೆ. ನೋಟಿಸ್ ಅವಧಿ 60 ದಿನ, ಇವನು ಮಾಡಿದ್ದು 20. ನಲವತ್ತು ದಿನ ಬಾಕಿ, ಅದು ನಿಜವಾದ ಋಣ. ಕಂಪನಿ ಅದನ್ನು 36 ಸಾವಿರದ ಒಟ್ಟು ಸಂಬಳದ ಮೇಲೆ ಲೆಕ್ಕ ಹಾಕಿ 48 ಸಾವಿರ ಎಂದಿತ್ತು. ಒಪ್ಪಂದದಲ್ಲಿ ಇದ್ದದ್ದು ಮೂಲ ವೇತನ, ಅಂದರೆ 15 ಸಾವಿರ. ದಿನಕ್ಕೆ 500ರಂತೆ 20 ಸಾವಿರ ಆಯಿತು. ಬಾಂಡಿನ ವಿಷಯಕ್ಕೆ ಬಂದರೆ, ತರಬೇತಿಯೆಂದು ನಡೆದದ್ದು ಹಿರಿಯ ಸಹೋದ್ಯೋಗಿಯ ಪಕ್ಕ ಮೂರು ವಾರ ಕೂತದ್ದು. ಆದರೆ ಅವನ ಒಂದು ಸರ್ಟಿಫಿಕೇಷನ್ ಪರೀಕ್ಷೆಗೆ ಕಂಪನಿ 24 ಸಾವಿರ ಕಟ್ಟಿತ್ತು. ಇದನ್ನು ಇಮೇಲು ಹೇಳಿರಲಿಲ್ಲ, ಅವನೇ ಹೇಳಿದ. ಇಪ್ಪತ್ನಾಲ್ಕು ತಿಂಗಳಲ್ಲಿ ಹತ್ತು ತಿಂಗಳು ಬಾಕಿ ಉಳಿದಿದ್ದರಿಂದ 10 ಸಾವಿರ ಹಿಂದಿರುಗಿಸುವುದು ನ್ಯಾಯ ಎಂದು ಇಬ್ಬರಿಗೂ ಅನ್ನಿಸಿತು. ಇದು ಕಾನೂನು ಕೊಟ್ಟ ಸೂತ್ರವಲ್ಲ, ನ್ಯಾಯಾಲಯ ಬೇರೆ ಅಂಕಿ ಹೇಳಬಹುದು. ಅತ್ತ ಅವನ ಕೊನೆಯ ಇಪ್ಪತ್ತು ದಿನದ ಸಂಬಳ 24 ಸಾವಿರವನ್ನು ಕಂಪನಿ ಇನ್ನೂ ಕೊಟ್ಟಿರಲಿಲ್ಲ, ಇಮೇಲಿನಲ್ಲಿ ಅದರ ಸುದ್ದಿಯೇ ಇಲ್ಲ. ಕೂಡಿ ಕಳೆದರೆ ಇವನು ಕೊಡಬೇಕಾದದ್ದು 6 ಸಾವಿರ, ಮತ್ತು ಆ ಲ್ಯಾಪ್‌ಟಾಪು.

ಮೂರು ಲಕ್ಷ ನಲವತ್ತೆಂಟು ಸಾವಿರದ ಗದ್ದಲದೊಳಗೆ ಆರು ಸಾವಿರದ ಸತ್ಯ ಹೂತುಹೋಗಿತ್ತು. ಬೆದರಿಕೆ ತಪ್ಪು ಎಂದು ನನಗೆ ಅನ್ನಿಸುವುದು ಮುಖ್ಯವಾಗಿ ಇದೇ ಕಾರಣಕ್ಕೆ. ಅದು ಮನಸ್ಸು ನೋಯಿಸುತ್ತದೆ ಎನ್ನುವುದು ಚಿಕ್ಕ ವಿಷಯ. ತಾನು ಏನು ಕೊಡಬೇಕು ಎಂದು ಸ್ವಂತ ಬುದ್ಧಿಯಿಂದ ನಿರ್ಧರಿಸುವ ಶಕ್ತಿಯನ್ನು ಅದು ಎದುರಿನವನಿಂದ ಕಿತ್ತುಕೊಳ್ಳುತ್ತದೆ. ಹೆದರಿ ಪೂರ್ತಿ ಕಟ್ಟುವವನು ಋಣ ತೀರಿಸಿದಂತಲ್ಲ, ಭಯ ತೀರಿಸಿಕೊಂಡಂತೆ. ಬೆದರಿಕೆ ಪೊಳ್ಳೆಂದು ತಿಳಿದು ಏನನ್ನೂ ಕೊಡದವನು, ಕಳಿಸಿದವನ ಕೆಟ್ಟ ನಡತೆಯನ್ನೇ ತನ್ನ ಋಣಕ್ಕೆ ರಸೀದಿ ಮಾಡಿಕೊಳ್ಳುತ್ತಾನೆ. ಇಬ್ಬರೂ ಇಮೇಲಿನ ದನಿಗೆ ಉತ್ತರ ಕೊಟ್ಟರು, ಅದರ ವಿಷಯಕ್ಕಲ್ಲ.

ಉತ್ತರ ಅರ್ಧ ಪುಟದ್ದಾಯಿತು. ಇಮೇಲು ತಲುಪಿದೆ, ನೋಟಿಸ್ ಅವಧಿಯ ಬಾಕಿಯನ್ನು ಒಪ್ಪಂದದ ಇಂತಹ ಕಲಮಿನಂತೆ ಒಪ್ಪುತ್ತೇನೆ, ಪರೀಕ್ಷೆಯ ಶುಲ್ಕದಲ್ಲಿ 10 ಸಾವಿರ ಕೊಡಲು ಸಿದ್ಧ, ನನಗೆ ಬರಬೇಕಾದ ಸಂಬಳ ಇಷ್ಟು, ಬೇರೆ ಖರ್ಚಿದ್ದರೆ ದಾಖಲೆ ಕಳಿಸಿ, ಉಳಿದದ್ದನ್ನು ಒಪ್ಪುವುದಿಲ್ಲ. ಸಿಟ್ಟಿನ ಒಂದು ಪದವೂ ಇರಲಿಲ್ಲ, ಅನಗತ್ಯ ಕ್ಷಮೆಯೂ ಇರಲಿಲ್ಲ. ಕಳಿಸುವ ಮೊದಲು ಹಬ್ಸಿಗುಡದ ವಕೀಲರೊಬ್ಬರಿಗೆ ತೋರಿಸಿದೆವು. ಲ್ಯಾಪ್‌ಟಾಪನ್ನು ಅದೇ ದಿನ ಕೊಟ್ಟು ರಸೀದಿ ಪಡೆದ. ಕಂಪನಿಯಿಂದ ಬಂದ ಎರಡನೇ ಇಮೇಲಿನಲ್ಲಿ ಪೊಲೀಸರ ಮಾತು ಇರಲಿಲ್ಲ, ಮೊತ್ತದ ಚೌಕಾಸಿ ಇತ್ತು.

ವಕೀಲರು ಅವನನ್ನು ಕೇಳಿದ ಮೊದಲ ಪ್ರಶ್ನೆ, "ಸಹಿ ಮಾಡಿದ ಚೆಕ್ ಏನಾದರೂ ಕೊಟ್ಟಿದ್ದೀರಾ?" ಇವನು ಕೊಟ್ಟಿರಲಿಲ್ಲ. ಭದ್ರತೆಗೆಂದು ಚೆಕ್ ಪಡೆಯುವ ಕಂಪನಿಗಳಿವೆ. ಅದು ಬ್ಯಾಂಕಿನಿಂದ ವಾಪಸಾಗಿ ಬೇಡಿಕೆ ನೋಟಿಸ್ ಬಂದರೆ, ತಲುಪಿದ ದಿನದಿಂದ 15 ದಿನದ ಗಡುವು ನಿಜವಾದದ್ದು. ಮೀರಿದರೆ ಸೆಕ್ಷನ್ 138ರಡಿ ಕ್ರಿಮಿನಲ್ ದೂರು ಕೊಡಬಹುದು. ಬೆದರಿಕೆಯಿಲ್ಲದ, ಸಪ್ಪೆ ಭಾಷೆಯ ಆ ನೋಟಿಸನ್ನೇ ಜನ ಮೂಲೆಗೆ ಹಾಕುತ್ತಾರೆ. ಹಾಗೆಯೇ, ಕರಾರು ಮುರಿದದ್ದಕ್ಕೆ ಸಿವಿಲ್ ದಾವೆ ಹೂಡಲು ಮೂರು ವರ್ಷದ ಕಾಲಾವಕಾಶವಿದೆ. 48 ಗಂಟೆ ಕಳೆದು ಏನೂ ಆಗಲಿಲ್ಲವೆಂದರೆ ಎಲ್ಲವೂ ಮುಗಿಯಿತು ಎಂದಲ್ಲ.

ವಿಜಯಾ ಬ್ಯಾಂಕಿನ ಆ ಅಧಿಕಾರಿ ಕೊನೆಗೆ ಸೋತರು. ಬ್ಯಾಂಕೂ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು. ಆದರೂ ಅವರು ನಡೆದುಕೊಂಡ ರೀತಿ ನನಗೆ ಇಷ್ಟ. ಕಟ್ಟಬೇಕೆಂದು ಬರೆದುಕೊಟ್ಟದ್ದನ್ನು ಕಟ್ಟಿದರು, ಒಪ್ಪಿಲ್ಲವೆಂದು ಕಟ್ಟುವಾಗಲೇ ಹೇಳಿದರು, ಆಮೇಲೆ ಪ್ರಶ್ನೆಯನ್ನು ಕೇಳಬೇಕಾದ ಕಡೆ ಕೇಳಿದರು. ಉತ್ತರ ಬರಲು ಹದಿನೈದು ವರ್ಷಕ್ಕೂ ಹೆಚ್ಚು ಹಿಡಿಯಿತು.