ಮೂರು ಸಣ್ಣ ಮಾತುಗಳು
(ರೋಮಾಪುರದವರಿಗೆ ೫ : ೧–೧೦)



ಸಂಕಟದಿಂದ ತಾಳ್ಮೆ, ತಾಳ್ಮೆಯಿಂದ ಪರೀಕ್ಷೆಯಲ್ಲಿ ನಿಂತ ಗುಣ, ಆ ಗುಣದಿಂದ ನಿರೀಕ್ಷೆ ಹುಟ್ಟುವದೆಂದು ಅಪೊಸ್ತಲನಾದ ಪೌಲನು ಈ ಅಧ್ಯಾಯದಲ್ಲಿ ಹೇಳುತ್ತಾನೆ. ದುಃಖದ ಮನೆಗಳಲ್ಲಿ ನಾವು ಈ ಭಾಗವನ್ನು ಅನೇಕಸಾರಿ ಓದುವದುಂಟು. ಆದರೆ ಇದನ್ನು ಕೇಳಿ ಆದರಣೆ ಹೊಂದದೆ ಇನ್ನೂ ಕುಗ್ಗಿದವರೂ ಇದ್ದಾರೆ. ಮಗುವನ್ನು ಮಣ್ಣಿಗೆ ಕೊಟ್ಟ ತಾಯಿಯು, “ಅಯ್ಯನವರೇ, ನನ್ನ ತಾಳ್ಮೆ ತಪ್ಪಿಹೋಯಿತು, ದೇವರ ಮೇಲೆ ಗುಣುಗುಟ್ಟಿದೆನು. ಹಾಗಾದರೆ ನನಗೆ ನಿರೀಕ್ಷೆಯು ಎಲ್ಲಿಂದ?” ಎಂದು ಕೇಳಿದರೆ ನಾವು ಏನು ಹೇಳೋಣ? ಪೌಲನು ಬರೆದ ಗ್ರೀಕ್ ಭಾಷೆಯ ಮೂರು ಸಣ್ಣ ಮಾತುಗಳು ಇದಕ್ಕೆ ಉತ್ತರ ಕೊಡುತ್ತವೆ.

ಈ ಪತ್ರಿಕೆಯನ್ನು ಪೌಲನು ಹೇಳುತ್ತಿರಲು ತೆರ್ತ್ಯನು ಬರಕೊಂಡನು. ಸಭೆಯವರು ಅದನ್ನು ಕಿವಿಯಿಂದಲೇ ಕೇಳಿದರು. ಆಗ ವಚನಗಳ ಅಂಕೆಗಳಿರಲಿಲ್ಲ. ಈಗ ನಾವು ನೋಡುವ ಅಂಕೆಗಳನ್ನು ರೊಬೇರ್ ಎಸ್ತಿಯೆನ್ ಎಂಬ ಮುದ್ರಕನು ೧೫೫೧ರಲ್ಲಿ ಹಾಕಿದನು. ಒಂದು ವಾಕ್ಯಕ್ಕೂ ಮತ್ತೊಂದಕ್ಕೂ ಇರುವ ಸಂಬಂಧವನ್ನು ಕೇಳುವವರಿಗೆ ತಿಳಿಸಿದವುಗಳು ಊನ್, ದೆ, ಗಾರ್ ಎಂಬ ಅವ್ಯಯಗಳೇ. ಇವು ವಾಕ್ಯದ ಮೊದಲಲ್ಲಿ ನಿಲ್ಲುವದಿಲ್ಲ. “ನಾನಾದರೋ” ಎಂದು ನಾವು ಹೇಳುವಾಗ ‘ಆದರೋ’ ಎಂಬದು ಮೊದಲನೆಯ ಮಾತಿನ ಬೆನ್ನಿಗೆ ಅಂಟುವ ಹಾಗೆ, ಇವು ಸಾಮಾನ್ಯವಾಗಿ ಎರಡನೆಯ ಸ್ಥಾನದಲ್ಲಿ ಬರುತ್ತವೆ.

ಮೊದಲನೆಯ ವಚನದಲ್ಲಿ ಊನ್ ಇದೆ. ಅದಕ್ಕೆ ‘ಆದಕಾರಣ’ ಎಂದರ್ಥ. ಅದು ಹಿಂದೆ ಹೇಳಿದ್ದನ್ನೆಲ್ಲಾ ಕೂಡಿಸಿ ಅದರ ಫಲವನ್ನು ಮುಂದಿಡುತ್ತದೆ. ಹಿಂದಿನ ಅಧ್ಯಾಯವು ಅಬ್ರಹಾಮನ ನಂಬಿಕೆಯನ್ನು ವಿವರಿಸಿ ಕ್ರಿಸ್ತನ ಮರಣ ಪುನರುತ್ಥಾನಗಳಲ್ಲಿ ಮುಗಿಯಿತು. ಆದಕಾರಣವೇ ನಮಗೆ ದೇವರೊಂದಿಗೆ ಸಮಾಧಾನ. ಸಂಕಟದ ಮಾತು ಬರುವದಕ್ಕಿಂತ ಮುಂಚೆಯೇ ಈ ಸಮಾಧಾನವು ನೆಲೆಗೊಂಡಿದೆ ಎಂಬದನ್ನು ಗಮನಿಸಿರಿ.

ಸಂಕಟದಿಂದ ತಾಳ್ಮೆ ಎಂದ ಮೇಲೆ ಪೌಲನು ದೆ ಎಂಬದನ್ನು ಮೂರು ಸಾರಿ ಉಪಯೋಗಿಸುತ್ತಾನೆ. ಇದಕ್ಕೆ ‘ಆದರೆ’ ಎಂಬ ಅರ್ಥವೊಂದೇ ಎಂದು ತಿಳಿದರೆ ಇಲ್ಲಿ ಎಡವುವೆವು. ತಾಳ್ಮೆಯು ಸಂಕಟಕ್ಕೂ ಗುಣವು ತಾಳ್ಮೆಗೂ ವಿರೋಧವಲ್ಲವಷ್ಟೆ. ಹಿಂದಿನ ವಾಕ್ಯದ ಮಾತನ್ನೇ ಮುಂದಿನ ವಾಕ್ಯವು ಎತ್ತಿಕೊಂಡರೆ ದೆ ಬರೀ ಮುಂದಿನ ಹೆಜ್ಜೆಯನ್ನು ತೋರಿಸುತ್ತದೆ. ಇಲ್ಲಿ ಮೂರನೆಯ ಹೆಜ್ಜೆಯು, ನಿರೀಕ್ಷೆಯು ನಮ್ಮನ್ನು ನಾಚಿಕೆಪಡಿಸದು ಎಂಬದೇ.

ಏತಕ್ಕೆ ನಾಚಿಕೆಪಡಿಸದು? ನಾವು ಚೆನ್ನಾಗಿ ತಾಳಿಕೊಂಡೆವೆಂದು ಪೌಲನು ಹೇಳಲಿಲ್ಲ. ದೇವರ ಪ್ರೀತಿಯು ಪವಿತ್ರಾತ್ಮನ ಮೂಲಕ ನಮ್ಮ ಹೃದಯಗಳಲ್ಲಿ ಸುರಿಸಲ್ಪಟ್ಟದೆ ಎಂದು ಕಾರಣ ಕೊಟ್ಟು, ಆ ಪ್ರೀತಿ ಎಂಥದೆಂದು ತೋರಿಸುವದಕ್ಕೆ ಆರನೆಯ ವಚನದಲ್ಲಿ ಗಾರ್ ಎನ್ನುತ್ತಾನೆ. ಗಾರ್ ಅಂದರೆ ‘ಯಾಕಂದರೆ’. ಕೇಳುವವನ ಮನಸ್ಸಿನಲ್ಲಿ ಏಳುವ ಪ್ರಶ್ನೆಗೆ ಅದು ಉತ್ತರ: ನಾವು ಇನ್ನೂ ಬಲಹೀನರಾಗಿದ್ದಾಗಲೇ ಕ್ರಿಸ್ತನು ಭಕ್ತಿಹೀನರಿಗೋಸ್ಕರ ಪ್ರಾಣಕೊಟ್ಟನು. ‘ಬಲಹೀನರು’ ಎಂಬ ಮಾತನ್ನು ಆ ತಾಯಿಯು ಕೇಳಲಿ.

ಆದರೂ ಗಾರ್ ಕಂಡಲ್ಲೆಲ್ಲಾ ಕಾರಣವನ್ನೇ ಹುಡುಕಬಾರದು. ಏಳನೆಯ ವಚನದಲ್ಲಿ ಅದು ಎರಡು ಸಾರಿ ಬರುತ್ತದೆ. ನೀತಿವಂತನಿಗಾಗಿ ಸಾಯುವವನು ಸಿಕ್ಕುವದು ದುರ್ಲಭವೆಂದ ಪೌಲನು, ಕೂಡಲೆ, ಒಳ್ಳೆಯವನಿಗಾಗಿ ಯಾವನಾದರೂ ಒಂದು ವೇಳೆ ಧೈರ್ಯಮಾಡಿಯಾನು ಎನ್ನುತ್ತಾನೆ. ಈ ಎರಡನೆಯ ಗಾರ್ ಮೊದಲಿನ ಮಾತಿಗೆ ಕಾರಣವಲ್ಲ. “ದುರ್ಲಭವೆಂದೆನು, ಅಸಾಧ್ಯವೆನ್ನಲಿಲ್ಲ” ಎಂಬ ವಿವರಣೆಯಾಗಿದೆ.

ಎಂಟನೆಯ ವಚನದಲ್ಲಿ ದೆ ತಿರಿಗಿ ಬರುತ್ತದೆ. ಇಲ್ಲಿ ಅದು ಹೆಜ್ಜೆಯಲ್ಲ, ಎದುರುಬದುರು: ಮನುಷ್ಯರ ಪ್ರೀತಿಯು ಒಂದು ಕಡೆ, ದೇವರ ಸ್ವಂತ ಪ್ರೀತಿಯು ಮತ್ತೊಂದು ಕಡೆ. ಮನುಷ್ಯನು ಒಳ್ಳೆಯವನಿಗಾಗಿ ಸತ್ತಾನು. ದೇವರಾದರೋ ಪಾಪಿಗಳಿಗೋಸ್ಕರ ತನ್ನ ಕುಮಾರನನ್ನು ಕೊಟ್ಟನು. ಒಂಭತ್ತನೆಯ ವಚನದ ಊನ್ ಇದರ ಫಲವನ್ನು ಹೇಳುತ್ತದೆ: ಆದಕಾರಣ ಆತನ ಮೂಲಕ ನಾವು ಕೋಪಕ್ಕೆ ತಪ್ಪಿಸಲ್ಪಡುವದು ಮತ್ತೂ ನಿಶ್ಚಯ. ಹತ್ತನೆಯದರ ಗಾರ್ ಅದನ್ನು ಸ್ಥಿರಪಡಿಸುತ್ತದೆ: ವೈರಿಗಳಾಗಿದ್ದಾಗಲೇ ಸಮಾಧಾನ ಮಾಡಿಕೊಂಡ ದೇವರು, ಸಮಾಧಾನವಾದ ಮೇಲೆ ಕೈಬಿಡುವನೋ?

ಮೂರನೆಯ ಮತ್ತು ನಾಲ್ಕನೆಯ ವಚನಗಳನ್ನು ಮಾತ್ರ ಕಿತ್ತು ಆ ತಾಯಿಯ ಕೈಗೆ ಕೊಟ್ಟರೆ, ನಿರೀಕ್ಷೆಯ ಭಾರವೆಲ್ಲಾ ಅವಳ ತಾಳ್ಮೆಯ ಮೇಲೆ ಬೀಳುತ್ತದೆ. ಊನ್‌ನಿಂದ ಊನ್‌ವರೆಗೆ ಓದಿದರೆ ಆ ಭಾರವು ಕ್ರಿಸ್ತನ ಶಿಲುಬೆಯ ಮೇಲೆ ನಿಲ್ಲುತ್ತದೆ. ತಾಳ್ಮೆಯು ನಿರೀಕ್ಷೆಯ ಹಾದಿಯಲ್ಲಿ ಒಂದು ಮೆಟ್ಟಲು, ಅಸ್ತಿವಾರವಲ್ಲ. ಆದಕಾರಣ, ಪ್ರಿಯರೇ, ‘ಯಾಕಂದರೆ’ ಎಂಬ ಮಾತಿನಿಂದ ಹಿಡಿದು ಓದಲಾರಂಭಿಸಬೇಡಿರಿ; ಅದು ಯಾವದಕ್ಕೆ ಉತ್ತರವೋ ಅಲ್ಲಿಯವರೆಗೆ ಹಿಂದಕ್ಕೆ ಹೋಗಿರಿ. ತಾಳ್ಮೆ ತಪ್ಪಿದವಳ ಬಳಿಗೆ ಹೋಗುವಾಗ ಆರನೆಯ ವಚನವನ್ನು ಬಿಡದೆ ಓದಿರಿ. ಆಮೆನ್.