ಷೇರು ಬಿದ್ದ ವಾರವೇ ಸಂಬಳವೂ ನಿಂತರೆ

ತುರ್ತಿಗೆ ಒಂದಿಷ್ಟು ಹಣ ತೆಗೆದಿಟ್ಟು ಆಮೇಲೆ ಹೂಡಿಕೆ ಮಾಡಿ ಎಂದರೆ, ‘ಮ್ಯೂಚುವಲ್ ಫಂಡ್‌ನಿಂದಲೂ ಬೇಕಾದಾಗ ತೆಗೆಯಬಹುದಲ್ಲ, ಎಫ್‌ಡಿಯಲ್ಲಿ ಸುಮ್ಮನೆ ಯಾಕಿಡಬೇಕು?’ ಎನ್ನುವವರೇ ಹೆಚ್ಚು. ತೆಗೆಯಬಹುದು, ನಿಜ. ಆದರೆ ಆ ದಿನ ಅದರ ಬೆಲೆ ಎಷ್ಟಿರುತ್ತದೆ?

2020ರ ಜನವರಿ ಮಧ್ಯದಲ್ಲಿ 41,900 ದಾಟಿದ್ದ ಸೆನ್ಸೆಕ್ಸ್ ಮಾರ್ಚ್ 23ಕ್ಕೆ 26,000ಕ್ಕಿಂತ ಕೆಳಗಿಳಿಯಿತು. ಮರುದಿನ ರಾತ್ರಿ ದೇಶದಾದ್ಯಂತ ಲಾಕ್‌ಡೌನ್ ಘೋಷಣೆಯಾಯಿತು. ಷೇರು ಬಿದ್ದ ವಾರವೇ ಅಂಗಡಿಗಳು ಮುಚ್ಚಿದವು, ಎಷ್ಟೋ ಮನೆಗಳಿಗೆ ಸಂಬಳ ಬರುವುದು ನಿಂತಿತು. ಇದು ಬರೀ ದುರದೃಷ್ಟವಲ್ಲ. ವ್ಯಾಪಾರ ಕುಸಿಯುತ್ತದೆಂಬ ಭಯಕ್ಕೇ ಷೇರು ಬೀಳುವುದು. ವ್ಯಾಪಾರ ಕುಸಿದರೆ ಕೆಲಸವೂ ಹೋಗುತ್ತದೆ.

ಒಂದು ಲೆಕ್ಕ ಹಾಕೋಣ. ಜನವರಿಯಲ್ಲಿ 3 ಲಕ್ಷ ರೂಪಾಯಿಯನ್ನು ಪೂರ್ತಿ ಸೆನ್ಸೆಕ್ಸ್ ಇಂಡೆಕ್ಸ್ ಫಂಡಿಗೆ ಹಾಕಿದ್ದವರ ಕೈಯಲ್ಲಿ ಮಾರ್ಚ್ 23ರಂದು ಉಳಿದದ್ದು ಸುಮಾರು 1.86 ಲಕ್ಷ. ಬಾಡಿಗೆ, ರೇಷನ್, ಇಎಂಐಗೆಂದು ಅಂದು ಒಂದೂವರೆ ಲಕ್ಷ ತೆಗೆಯಬೇಕಾದರೆ ಯೂನಿಟ್‌ಗಳಲ್ಲಿ ನೂರಕ್ಕೆ ಎಂಬತ್ತನ್ನು ಮಾರಲೇಬೇಕು. ನವೆಂಬರ್‌ನಲ್ಲಿ ಸೆನ್ಸೆಕ್ಸ್ ಮೊದಲಿನ ಮಟ್ಟಕ್ಕೆ ಬಂದಾಗ, ಉಳಿದ ಯೂನಿಟ್‌ಗಳ ಬೆಲೆ 58,000 ಆಸುಪಾಸು. ಅಂದರೆ 92,000 ರೂಪಾಯಿ ಹೋಯಿತು. ಅದೇ ಹಣದಲ್ಲಿ ಅರ್ಧವನ್ನು ಎಫ್‌ಡಿಯಲ್ಲಿ ಇಟ್ಟಿದ್ದವರು ಎಫ್‌ಡಿ ಮುರಿದು ಮನೆ ನಡೆಸಿದರು, ಯೂನಿಟ್ ಮುಟ್ಟಲಿಲ್ಲ. ನವೆಂಬರ್‌ನಲ್ಲಿ ಅವರ ಒಂದೂವರೆ ಲಕ್ಷ ಹಾಗೇ ಇತ್ತು.

ಎಷ್ಟು ಇಡಬೇಕು? ಸಂಬಳದ ಲೆಕ್ಕ ಬೇಡ, ಬಿಡಲಾಗದ ಖರ್ಚಿನ ಲೆಕ್ಕ ಹಾಕಿ. ಆರು ತಿಂಗಳಿಗಾಗುವಷ್ಟಿದ್ದರೆ ವಾಸಿ. ಒಬ್ಬರ ದುಡಿಮೆಯ ಮನೆಗೆ ಇನ್ನೂ ಹೆಚ್ಚು ಬೇಕು. ಒಂದೇ ದೊಡ್ಡ ಎಫ್‌ಡಿಯ ಬದಲು ನಾಲ್ಕೈದು ಚಿಕ್ಕವು ಮಾಡಿದರೆ ಬೇಕಾದಷ್ಟನ್ನೇ ಮುರಿಯಬಹುದು. ಬಡ್ಡಿ ಸ್ವಲ್ಪ ಕಡಿತವಾದರೂ ಅಸಲಿಗೆ ಮೋಸವಿಲ್ಲ. ತೆರಿಗೆ ಉಳಿಸುವ ಎಫ್‌ಡಿಯನ್ನು ಮಾತ್ರ ಇದಕ್ಕೆ ನಂಬಬೇಡಿ, ಅದನ್ನು ಐದು ವರ್ಷ ಮುರಿಯಲಾಗದು.

ದಿನಾಂಕ ಗೊತ್ತಿರುವ ಖರ್ಚಿಗೂ ಇದೇ ಮಾತು. 2020ರಲ್ಲಿ ಎಂಟೇ ತಿಂಗಳಲ್ಲಿ ಚೇತರಿಕೆಯಾಯಿತೆಂದು ಧೈರ್ಯ ಮಾಡುವವರಿದ್ದಾರೆ. 2008ರ ಜನವರಿಯಲ್ಲಿ 20,800 ದಾಟಿದ್ದ ಸೆನ್ಸೆಕ್ಸ್ ಮತ್ತೆ ಆ ಎತ್ತರ ಕಂಡದ್ದು 2010ರ ನವೆಂಬರ್‌ನಲ್ಲಿ. ಕಾಲೇಜಿನವರು ಫೀಸಿಗೆ ಅಷ್ಟು ದಿನ ಕಾಯುವುದಿಲ್ಲ. ಮುಂದಿನ ಒಂದೆರಡು ವರ್ಷದೊಳಗೆ ಕಟ್ಟಬೇಕಾದ ಫೀಸಿನ ಹಣ ನಿಮ್ಮ ಷೇರು ಫಂಡಿನಲ್ಲಿದ್ದರೆ, ಪೇಟೆ ಇನ್ನಷ್ಟು ಏರಲಿ ಎಂದು ಕಾಯದೆ ಈಗಲೇ ತೆಗೆದು ಎಫ್‌ಡಿಗೆ ಹಾಕಿ.