ಅಜ್ಜಿಯ ಹನ್ನೆರಡು ನಿಮಿಷ

ಕೊರಗ ಭಾಷೆಯ ದಾಖಲಾತಿಗೆ ಹಣ ಕೇಳಿ ಗೆಳತಿಯೊಬ್ಬಳು ಅನುದಾನದ ಅರ್ಜಿ ಬರೆದಿದ್ದಳು. ಭಾಷಾವಿಜ್ಞಾನ ಅವಳದು, ಕಂಪ್ಯೂಟರ್ ನನ್ನದು. ಹಾಗಾಗಿ ಅರ್ಜಿಯ ಕೊನೆಯ ನಾಲ್ಕು ಪುಟ, ಅಂದರೆ ಆರ್ಕೈವಿಂಗ್ ಪ್ಲಾನ್, "ಸ್ವಲ್ಪ ನೋಡಿಕೊಡು ಮಾರಾಯ" ಅಂತ ನನಗೆ ಬಂತು. ಫೈಲು, ಫೋಲ್ಡರು, ಬ್ಯಾಕಪ್ಪು ತಾನೇ, ಒಂದು ಸಂಜೆಯ ಕೆಲಸ ಅಂದುಕೊಂಡು ತೆರೆದೆ. ಫೈಲು, ಫೋಲ್ಡರಿನ ಭಾಗ ನಿಜಕ್ಕೂ ಒಂದು ಸಂಜೆಯಲ್ಲಿ ಮುಗಿಯಿತು. ಆದರೆ ಸ್ಪ್ರೆಡ್‌ಶೀಟಿನ ಒಂದು ಕಾಲಮ್ಮಿನ ಮೇಲೆ ನಾವಿಬ್ಬರೂ ಮೂರು ವಾರ ಜಗಳ ಆಡಿದೆವು.

ಕೊರಗರು ದಕ್ಷಿಣ ಕನ್ನಡ, ಉಡುಪಿ ಮತ್ತು ಕಾಸರಗೋಡು ಕಡೆಯ ಜನ. ಕಾಡುಬಳ್ಳಿಯಲ್ಲಿ ಬುಟ್ಟಿ ಹೆಣೆಯುವುದು ಅವರ ಹಳೆಯ ಕಸುಬು. ಅವರ ಭಾಷೆ ತುಳುವಿನ ಒಂದು ರೂಪ ಅಂತ ನಮ್ಮ ಕಡೆ ಬಹಳ ಜನ ತಿಳಿದಿದ್ದಾರೆ. ಅಲ್ಲ, ಅದು ಬೇರೆಯದೇ ಒಂದು ದ್ರಾವಿಡ ಭಾಷೆ. ಮಹಾಪ್ರಾಣ ಬೇಡ ಅಂದವರು ಅಂತ ನಮಗೆಲ್ಲ ಗೊತ್ತಿರುವ ಡಿ. ಎನ್. ಶಂಕರ ಭಟ್ಟರು 1971ರಲ್ಲೇ ಅದರ ಮೇಲೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ತಂದಿದ್ದರು. ಇವತ್ತು ಹೆಚ್ಚಿನ ಕೊರಗರ ಮನೆಗಳಲ್ಲಿ ಕೇಳುವುದು ತುಳು, ಇಲ್ಲವೇ ಕನ್ನಡ. ಭಾಷೆ ಸಲೀಸಾಗಿ ಬರುವುದು ವಯಸ್ಸಾದವರಿಗೆ. ನಡುವಯಸ್ಸಿನವರಿಗೆ ಅರ್ಥವಾಗುತ್ತದೆ, ಮಕ್ಕಳಿಗೆ ಅದೂ ಕಷ್ಟ.

ಅರ್ಜಿಯಲ್ಲಿದ್ದ ಲೆಕ್ಕ ಹೀಗಿತ್ತು: ಹದಿನೆಂಟು ತಿಂಗಳು, ಇಪ್ಪತ್ತು ಮಂದಿ ಹಿರಿಯರು, 60 ಗಂಟೆ ರೆಕಾರ್ಡಿಂಗ್, ಅದರಲ್ಲಿ 12 ಗಂಟೆಗೆ ಲಿಪ್ಯಂತರ ಮತ್ತು ಅನುವಾದ. ಅರವತ್ತರಲ್ಲಿ ಹನ್ನೆರಡೇ ಯಾಕೆ ಅಂತ ನನಗೂ ಮೊದಲು ಅನಿಸಿತು. ಒಂದು ಗಂಟೆ ಮಾತನ್ನು ಕೇಳಿ, ಬರೆದು, ಪದ ಬಿಡಿಸಿ, ಅರ್ಥ ಹಾಕಲು ಐವತ್ತು ಗಂಟೆ ಹಿಡಿಯುವುದು ಈ ಕೆಲಸದಲ್ಲಿ ಮಾಮೂಲಂತೆ. ಅಂದರೆ ಹನ್ನೆರಡು ಗಂಟೆಗೆ ಆರುನೂರು ಗಂಟೆ. ಸಂಬಳ ಕೊಟ್ಟು ಒಬ್ಬರನ್ನು ಕೂರಿಸಿದರೂ ಮೂರೂವರೆ ತಿಂಗಳ ಕೆಲಸ.

ತಾಂತ್ರಿಕ ಭಾಗವನ್ನು ಬೇಗ ಹೇಳಿ ಮುಗಿಸುತ್ತೇನೆ. ಧ್ವನಿಯನ್ನು ಎಂಪಿ3 ಮಾಡಬಾರದು, ಸಂಕುಚಿತಗೊಳಿಸದ WAV ಆಗಿಯೇ ಇಡಬೇಕು. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ ಅಂದರೆ ಗಂಟೆಗೆ ಸುಮಾರು ಒಂದು ಜಿಬಿ. ಇದಕ್ಕೆ ಯಾವ ದುಡ್ಡೂ ದೊಡ್ಡದಲ್ಲ. ವಿಡಿಯೋ ಸೇರಿದರೆ ಮಾತ್ರ ಒಂದೂವರೆ ಟೆರಾಬೈಟಿನವರೆಗೆ ಹೋಗುತ್ತದೆ. ಮೂರು ಪ್ರತಿ, ಒಂದು ಬೇರೆ ಊರಿನಲ್ಲಿ. ಫೈಲಿನ ಹೆಸರಿನಲ್ಲೇ ಭಾಷೆಯ ಕೋಡ್, ದಿನಾಂಕ, ಮಾತಾಡಿದವರ ಸಂಖ್ಯೆ ಇರಲಿ ಅಂದೆ: `kfd_20240312_s07.wav`. ಅದರ ಲಿಪ್ಯಂತರಕ್ಕೂ ಅದೇ ಹೆಸರು, `kfd_20240312_s07.eaf`. ಪ್ರತಿ ಫೈಲಿಗೆ ಒಂದು ಚೆಕ್‌ಸಮ್. ತಿಂಗಳಿಗೊಮ್ಮೆ `sha256sum -c manifest.txt` ಓಡಿಸಿದರೆ ಯಾವ ಫೈಲು ಸದ್ದಿಲ್ಲದೆ ಕೆಟ್ಟಿದೆ ಅಂತ ಗೊತ್ತಾಗುತ್ತದೆ. ಕೊನೆಗೆ ಎಲ್ಲವೂ ಒಂದು ಭಾಷಾ ಆರ್ಕೈವ್‌ಗೆ ಹೋಗಬೇಕು. ಗೂಗಲ್ ಡ್ರೈವ್ ಆರ್ಕೈವ್ ಅಲ್ಲ. ಕಾರ್ಡಿನ ಅವಧಿ ಮುಗಿದು ದುಡ್ಡು ಕಟ್ಟದಿದ್ದರೆ ಅದೂ ಮುಗಿಯಿತು.

ಇನ್ನು ಆ ಕಾಲಮ್ಮು. ಅದರ ಹೆಸರು ಆ್ಯಕ್ಸೆಸ್. ಡ್ರಾಪ್‌ಡೌನಿನಲ್ಲಿ ಮೂರು ಆಯ್ಕೆ: ಮುಕ್ತ, ಅನುಮತಿಯ ಮೇರೆಗೆ, ಮುಚ್ಚಿದೆ. ಗೆಳತಿ ಎಲ್ಲ ಸಾಲಿನಲ್ಲೂ "ಮುಕ್ತ" ಅಂತ ತುಂಬಿದ್ದಳು.

ಅವಳ ವಾದ ಗಟ್ಟಿಯಾಗಿಯೇ ಇತ್ತು. "ಐವತ್ತು ವರ್ಷ ಬಿಟ್ಟು ಮಂಗಳೂರಿನಲ್ಲೋ ದುಬೈನಲ್ಲೋ ಇರುವ ಒಬ್ಬ ಕೊರಗ ಹುಡುಗಿಗೆ ತನ್ನ ಮುತ್ತಜ್ಜಿಯ ಧ್ವನಿ ಕೇಳಬೇಕು ಅನಿಸುತ್ತದೆ ಅಂತಿಟ್ಟುಕೋ. ಅವಳು ಪಾಸ್‌ವರ್ಡ್‌ಗೆ ಯಾರಿಗೆ ಮೇಲ್ ಹಾಕಬೇಕು? ನನಗಾ? ನಾನಿರುತ್ತೇನಾ?" ನಿಜವೇ. ಅನುಮತಿಯ ಮೇರೆಗೆ ಅಂತ ಇಟ್ಟ ಸಂಗ್ರಹಗಳ ಗತಿ ಹಲವು ಸಲ ಇದೇ. ಸಂಶೋಧಕರು ನಿವೃತ್ತರಾಗುತ್ತಾರೆ, ಇಮೇಲ್ ಬೌನ್ಸ್ ಆಗುತ್ತದೆ, ಫೈಲು ಸುರಕ್ಷಿತವಾಗಿರುತ್ತದೆ, ಯಾರಿಗೂ ಸಿಗುವುದಿಲ್ಲ. ಮೇಲಾಗಿ ಭಾಷೆಯ ಹೆಸರಲ್ಲಿ ಬಂದ ದುಡ್ಡು, ಅದರ ಫಲ ವಿದ್ವಾಂಸರ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂರಬಾರದಲ್ವಾ?

ನನಗೆ ಒಪ್ಪಿಗೆಯಾಗದೇ ಹೋದದ್ದು ಅವಳೇ ಹೇಳಿದ ಒಂದು ಸಂಗತಿಯಿಂದ. ಅರ್ಜಿಗೆ ಮಾದರಿ ಬೇಕು ಅಂತ ಅವಳು ಮೊದಲೇ ಹೋಗಿ ಒಬ್ಬ ಅಜ್ಜಿಯ ನಲವತ್ತು ನಿಮಿಷದ ಮಾತು ರೆಕಾರ್ಡ್ ಮಾಡಿದ್ದಳು. ವಿಷಯ ಬುಟ್ಟಿ ಹೆಣೆಯುವುದು. ಮೊದಲು ಬಳ್ಳಿ ಯಾವಾಗ ಕಡಿಯಬೇಕು, ಹೇಗೆ ಸೀಳಬೇಕು ಅಂತ ಹೇಳಿದ ಅಜ್ಜಿ, ಆ ಬುಟ್ಟಿಯನ್ನು ಯಾವ ಮನೆಗೆ ಕೊಂಡೊಯ್ಯುತ್ತಿದ್ದೆವು ಅನ್ನುವಲ್ಲಿಗೆ ಬಂದರು. ಅಲ್ಲಿಂದ ಮಾತು ಅಜಲಿಗೆ ತಿರುಗಿತು. ಮನೆಯವರ ರೋಗ, ಪೀಡೆ ದಾಟಲಿ ಅಂತ ಅವರ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ಉಣ್ಣಿಸುತ್ತಿದ್ದ ಪದ್ಧತಿ ಅದು. ಅದನ್ನು ನಿಷೇಧಿಸಲೆಂದೇ ಕರ್ನಾಟಕ 2000ದಲ್ಲಿ ಒಂದು ಕಾಯ್ದೆ ಮಾಡಬೇಕಾಯಿತು. ಅಜ್ಜಿ ಮನೆಯ ಹೆಸರು ಹೇಳಿದರು, ಬಡಿಸಿದವರ ಹೆಸರು ಹೇಳಿದರು, ತನ್ನ ಅಕ್ಕ ಉಂಡದ್ದನ್ನು ಹೇಳಿದರು. ಹನ್ನೆರಡು ನಿಮಿಷ.

ವ್ಯಾಕರಣ ಬರೆಯುವವರಿಗೆ ಇಡೀ ರೆಕಾರ್ಡಿಂಗಿನಲ್ಲಿ ಅತಿ ಬೆಲೆಬಾಳುವುದು ಆ ಹನ್ನೆರಡು ನಿಮಿಷವೇ. ಬುಟ್ಟಿಯ ಭಾಗದಲ್ಲಿ ಎಲ್ಲ "ಹೀಗೆ ಮಾಡಬೇಕು, ಹೀಗೆ ಮಾಡಬೇಕು". ಇಲ್ಲಿ ಭೂತಕಾಲದ ಕಥನ ಇದೆ, "ಅವರು ಹೀಗಂದರು, ನಾವು ಹೀಗಂದೆವು" ಅನ್ನುವ ಮಾತಿನೊಳಗಿನ ಮಾತು ಇದೆ, ಸಿಟ್ಟಿದೆ. ಪ್ರಶ್ನಾವಳಿ ಹಿಡಿದು ಕೂತು ಕೇಳಿದರೆ ಇಂಥ ವಾಕ್ಯ ಸಿಗುವುದಿಲ್ಲ.

ಮರುದಿನ ಗೆಳತಿ ಅದನ್ನು ಅಜ್ಜಿಗೆ ಕೇಳಿಸಿದಳು. ಬುಟ್ಟಿಯ ಭಾಗಕ್ಕೆ ಅಜ್ಜಿ ನಕ್ಕರು, ಒಂದೆರಡು ಕಡೆ ತನ್ನನ್ನೇ ತಿದ್ದಿಕೊಂಡರು. ಆ ಮನೆಯ ಹೆಸರು ಬಂದಾಗ ಕೈ ಎತ್ತಿದರು. "ಇದು ಬೇಡ ಮಗಾ. ಮೊಮ್ಮಗ ಕೇಳ್ತಾನೆ."

ಧಣಿಗಳ ಹೆದರಿಕೆ ಇರಬಹುದು ಅಂತ ಗೆಳತಿ ಅಂದುಕೊಂಡಿದ್ದಳು. ಅದಲ್ಲ. ತನ್ನವರು ಏನು ಉಂಡರು ಅನ್ನುವುದು ಮೊಮ್ಮಗನ ತಲೆಯಲ್ಲಿ ಕೂರಬಾರದು, ಅಷ್ಟೇ. ಅಂದರೆ ಯಾರ ಹೆಸರು ಹೇಳಿ ನಾವು "ಮುಕ್ತ" ಅನ್ನುತ್ತೇವೋ, ಆ ಮುಂದಿನ ತಲೆಮಾರಿನಿಂದಲೇ ಅಜ್ಜಿ ಅದನ್ನು ಮುಚ್ಚಿಡಬೇಕು ಅನ್ನುತ್ತಿದ್ದರು. ಇನ್ನೊಂದು ಊರಿನ ಅಜ್ಜ ಇದಕ್ಕೆ ತದ್ವಿರುದ್ಧ. "ಮನೆ ಹೆಸರು ಸೇರಿಸಿಯೇ ಹಾಕಿ, ಕೇಳಲಿ ಎಲ್ಲರೂ" ಅಂದರಂತೆ. ಹಾಗಾಗಿ "ಸಮುದಾಯದ ಅಭಿಪ್ರಾಯ" ಅಂತ ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗುವ ದಾರಿಯೂ ಇಲ್ಲ.

ಹೆಸರು ಅಳಿಸಿದರಾಯಿತು ಅನ್ನುವವರಿದ್ದಾರೆ. ಕೆಲವು ಸಾವಿರ ಜನರ ಸಮುದಾಯದಲ್ಲಿ ಧ್ವನಿಯೇ ಹೆಸರು. ಎರಡು ವಾಕ್ಯ ಕೇಳಿದರೆ ಮೊಮ್ಮಗನಿಗೆ ಗೊತ್ತಾಗುತ್ತದೆ, ನೆರೆಮನೆಯವರಿಗೂ ಗೊತ್ತಾಗುತ್ತದೆ.

ಅರ್ಜಿಯಲ್ಲಿ ಒಪ್ಪಿಗೆ ಪತ್ರವೂ ಇತ್ತು. ರೆಕಾರ್ಡಿಂಗ್ ಶುರುವಾಗುವ ಮೊದಲು ಸಹಿ ಅಥವಾ ಹೆಬ್ಬೆಟ್ಟು. ನನ್ನ ತಕರಾರು ಮುಖ್ಯವಾಗಿ ಇದರ ಮೇಲೆ. ತಾನು ಏನು ಹೇಳಲಿದ್ದೇನೆ ಅಂತ ಗೊತ್ತಾಗುವ ಮೊದಲೇ ಅದನ್ನು ಎಲ್ಲರಿಗೂ ಕೇಳಿಸಲು ಯಾರಾದರೂ ಹೇಗೆ ಒಪ್ಪಬಲ್ಲರು? ರೆಕಾರ್ಡ್ ಮಾಡಲು ಒಪ್ಪಿದ್ದು ಬೇರೆ, ಲೋಕಕ್ಕೆ ಕೊಡಲು ಒಪ್ಪುವುದು ಬೇರೆ. ಎರಡನೆಯದನ್ನು ಕೇಳಿಸಿದ ಮೇಲೆಯೇ ಕೇಳಬೇಕು, ಒಂದೊಂದು ಫೈಲಿಗೂ ಕೇಳಬೇಕು. ಉತ್ತರವನ್ನು ಕಾಗದದ ಮೇಲಲ್ಲ, ಅವರ ಮಾತಿನಲ್ಲೇ ರೆಕಾರ್ಡ್ ಮಾಡಿಕೊಳ್ಳಬೇಕು.

ಕೆಲಸದ ಅನುಕ್ರಮದಲ್ಲಿ ಇನ್ನೊಂದು ಬಗ್ ಇತ್ತು. ಲಿಪ್ಯಂತರ ಮಾಡಲು ಗೆಳತಿ ಸಮುದಾಯದ ಇಬ್ಬರು ಯುವಕರನ್ನು ನೇಮಿಸಿಕೊಳ್ಳುವವಳಿದ್ದಳು. ಒಳ್ಳೆಯ ಯೋಚನೆಯೇ, ಸಂಬಳವೂ ಅಲ್ಲಿಗೇ ಹೋಗುತ್ತದೆ. ಆದರೆ ಹೆಡ್‌ಫೋನ್ ಹಾಕಿಕೊಂಡು ಒಂದೇ ವಾಕ್ಯವನ್ನು ಹತ್ತು ಸಲ ಕೇಳುವವರು ಅವರೇ ತಾನೇ? ಅಜ್ಜಿ ಮೊಮ್ಮಗನಿಂದ ಮುಚ್ಚಿಡಬೇಕು ಅಂದದ್ದನ್ನು ಮೊಮ್ಮಗನ ಓರಗೆಯವನೇ ಟೈಪ್ ಮಾಡಬೇಕು. ಹಾಗಾಗಿ ಕೇಳಿಸುವ ಹಂತ ಲಿಪ್ಯಂತರಕ್ಕಿಂತ ಮೊದಲು ಬರಬೇಕು.

ನಾವು ಕೋಡ್ ಹಾಕುವಾಗ ಹಿಂದೆ ತರಲಾಗದ ಬದಲಾವಣೆಯನ್ನು ಕೊನೆಗೆ ಇಡುತ್ತೇವೆ. ಇಲ್ಲೂ ಅದೇ ತರ್ಕ. ಮುಚ್ಚಿದ್ದನ್ನು ನಾಳೆ ತೆರೆಯಬಹುದು. ತೆರೆದದ್ದನ್ನು ಆರ್ಕೈವ್ ತನ್ನ ಪುಟದಿಂದ ತೆಗೆಯಬಹುದೇ ಹೊರತು, ಆಗಲೇ ಡೌನ್‌ಲೋಡ್ ಆಗಿರುವ ಪ್ರತಿಗಳನ್ನು ವಾಪಸ್ ಕರೆಸಲು ಆಗುವುದಿಲ್ಲ. "ಯಾವಾಗ ಬೇಕಾದರೂ ಹಿಂಪಡೆಯಬಹುದು" ಅಂತ ಒಪ್ಪಿಗೆ ಪತ್ರದಲ್ಲಿದ್ದ ಸಾಲು ಸುಳ್ಳು. ಅದನ್ನು ಹೊಡೆದು ಹಾಕಿಸಿದೆ.

ಆದರೆ ಮುಚ್ಚಿಡುವುದೂ ಒಂದು ಹಂತದ ಮೇಲೆ ಹಿಂದೆ ತರಲಾಗದ್ದೇ ಆಗುತ್ತದೆ, ಇದನ್ನು ಗೆಳತಿ ತೋರಿಸಿದಳು. ಅಂಡಮಾನಿನ ಬೋ ಭಾಷೆಯ ಕೊನೆಯ ಮಾತುಗಾರ್ತಿ ಬೋವಾ ಸೀನಿಯರ್ 2010ರ ಜನವರಿಯಲ್ಲಿ ತೀರಿಕೊಂಡರು. ಅನ್ವಿತಾ ಅಬ್ಬಿ ಅವರ ತಂಡ ಅವರ ಮಾತು ರೆಕಾರ್ಡ್ ಮಾಡಿದ್ದರಿಂದ ಆ ಧ್ವನಿ ಇವತ್ತೂ ಇದೆ. ಅಂಥ ಒಬ್ಬರು "ಆಮೇಲೆ ನೋಡೋಣ" ಅಂತ ಹೇಳಿ ಹೋದರೆ, ಆಮೇಲೆ ಯಾರನ್ನು ಕೇಳುವುದು? ಅದಕ್ಕೇ ಪ್ರತಿ ಸಾಲಿಗೂ ಇನ್ನೆರಡು ಕಾಲಮ್ಮು ಸೇರಿಸಿದೆವು: ನಿಮ್ಮ ನಂತರ ಇದನ್ನು ಯಾರು ನಿರ್ಧರಿಸಬೇಕು, ಯಾವ ವರ್ಷದ ನಂತರ ಕೇಳುವ ಅಗತ್ಯವೇ ಇಲ್ಲ. ಬ್ಯಾಂಕ್ ಅಕೌಂಟಿಗೆ ನಾಮಿನಿ ಕೇಳುವ ಹಾಗೆ.

ಇದರ ಬೆಲೆ ಗಂಟೆಗಳಲ್ಲಿ ಬಂತು. ಒಂದು ಗಂಟೆ ರೆಕಾರ್ಡಿಂಗನ್ನು ನಿಲ್ಲಿಸಿ, ಮಾತಾಡಿ, ಮತ್ತೆ ಕೇಳಿಸಲು ಎರಡು ಗಂಟೆ ಬೇಕು. ಎಪ್ಪತ್ತು ದಾಟಿದವರು ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಕೂರಲಾರರು. 60 ಗಂಟೆಗೆ 60 ದಿನ, ಅಷ್ಟು ದಿನದ ಪ್ರಯಾಣ, ಅಷ್ಟು ದಿನ ಅವರ ಸಮಯಕ್ಕೂ ಕೂಲಿ. ಬಜೆಟ್ ಬೆಳೆಯುವ ಹಾಗಿರಲಿಲ್ಲ, ಮಿತಿ ಮೊದಲೇ ನಿಗದಿ. ಕೊನೆಗೆ 60 ಅನ್ನು 35ಕ್ಕೆ ಇಳಿಸಿದೆವು. ಇಳಿಸಿದ ಇಪ್ಪತ್ತೈದು ಗಂಟೆ ಬರೀ ಅಂಕಿ ಅಲ್ಲ. ಅಷ್ಟು ಮಾತು ರೆಕಾರ್ಡೇ ಆಗುವುದಿಲ್ಲ, ಆಡುವವರು ಹತ್ತು ವರ್ಷದ ಮೇಲೆ ಇರುವುದೂ ಇಲ್ಲ. ಗೆಳತಿ ಆ ಸೆಲ್ಲನ್ನು ಬದಲಿಸುವಾಗ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ಬೇರೆ ಅರ್ಜಿಗಳಲ್ಲಿ ನೂರು ಗಂಟೆ ಅಂತ ಇರುತ್ತದೆ, ನಮ್ಮದರಲ್ಲಿ ಮೂವತ್ತೈದು, ಮತ್ತು ಯಾಕೆ ಅಂತ ಒಂದು ಪುಟದ ವಿವರಣೆ.

ಕಳಿಸುವ ಮೊದಲು ಅವಳು ಮತ್ತೆ ಅಜ್ಜಿಯ ಬಳಿ ಹೋದಳು. 28 ನಿಮಿಷದ ಬುಟ್ಟಿಯ ಮಾತನ್ನು ಎಲ್ಲರೂ ಕೇಳಲಿ ಅಂದರು ಅಜ್ಜಿ. ಹನ್ನೆರಡು ನಿಮಿಷದ್ದನ್ನು ಅಳಿಸುವುದು ಬೇಡ ಅಂದರು, ಇದಕ್ಕೆ ಗೆಳತಿ ಸಿದ್ಧಳಿರಲಿಲ್ಲ. ನಂತರ ಯಾರು ನಿರ್ಧರಿಸಬೇಕು ಅಂದದ್ದಕ್ಕೆ ಮಗಳ ಹೆಸರು ಹೇಳಿದರು. ಎಷ್ಟು ವರ್ಷ ಮುಚ್ಚಿಡಬೇಕು ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊಮ್ಮಗನಿಗೆ ಮಕ್ಕಳಾಗಿ, ಅವು ನನ್ನ ವಯಸ್ಸಿಗೆ ಬಂದಮೇಲೆ" ಅಂದರಂತೆ. ಆರ್ಕೈವಿನ ಫಾರಂ ಅಲ್ಲಿ ಒಂದು ದಿನಾಂಕ ಮಾತ್ರ ತೆಗೆದುಕೊಳ್ಳುತ್ತದೆ. ಗೆಳತಿ 2110 ಅಂತ ಹಾಕಿ, ಟಿಪ್ಪಣಿಯ ಜಾಗದಲ್ಲಿ ಅಜ್ಜಿ ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದಾಳೆ.